ಜುಲೈ 2024ರ ಮಾಸಿಕ ಪ್ರಗತಿ ವರದಿ: ಶಿವಮೊಗ್ಗ ಮನೆ ಕಾಮಗಾರಿ

ವರದಿ ಸಂಖ್ಯೆ: 5
ದಿನಾಂಕ: 1 ಆಗಸ್ಟ್ 2024
ಕಾಮಗಾರಿ: 40×60 ಸೈಟಿನಲ್ಲಿ ನೆಲ ಮತ್ತು ಮೊದಲ ಮಹಡಿಯ ವಾಸದ ಮನೆ, ಒಟ್ಟು 24.5 ಚದರ
ಕೆಲಸ ಶುರುವಾದದ್ದು: 4 ಮಾರ್ಚ್ 2024
ಒಪ್ಪಂದದಂತೆ ಮುಗಿಯಬೇಕಾದದ್ದು: 31 ಡಿಸೆಂಬರ್ 2024

ಮಾನ್ಯರೇ,

ಮುಖ್ಯ ವಿಷಯ ಮೊದಲೇ ಹೇಳುತ್ತೇನೆ. ಜುಲೈ 16ಕ್ಕೆ ಹಾಕಬೇಕಿದ್ದ ನೆಲಮಹಡಿಯ ಮೋಲ್ಡ್ ಇನ್ನೂ ಹಾಕಿಲ್ಲ. ಸೆಂಟ್ರಿಂಗ್ ಮುಗಿದಿದೆ, ಕಂಬಿ ಕಟ್ಟಿದೆ, ಕರೆಂಟಿನ ಪೈಪ್ ಎಳೆದಿದೆ, ಕಾಂಕ್ರೀಟು ಮಾತ್ರ ಬಾಕಿ. ಈಗ ಗುರಿ ಇಟ್ಟಿರುವುದು ಆಗಸ್ಟ್ 7, ಬುಧವಾರ. ಅದಕ್ಕೆ ನಿಮ್ಮ ಕಡೆಯಿಂದ ಒಂದು ತೀರ್ಮಾನ ಇದೇ 4ನೇ ತಾರೀಖು ಭಾನುವಾರದೊಳಗೆ ಬೇಕು. ಅದರ ವಿವರ ಕೆಳಗಿದೆ, ದಯವಿಟ್ಟು ಅಲ್ಲಿಯವರೆಗೆ ಓದಿ.

ಜುಲೈ ಕೊನೆಗೆ ಒಟ್ಟು ಕೆಲಸ ಶೇ 48 ಆಗಬೇಕಿತ್ತು, ಆಗಿರುವುದು ಶೇ 39.

ಈ ತಿಂಗಳು ಆದ ಕೆಲಸ

ಲಿಂಟಲ್ ಮೇಲಿನ ಗೋಡೆ ಮೊದಲ ವಾರದಲ್ಲೇ ಮುಗಿಯಿತು. ಹೊರಗೋಡೆಗೆ 8 ಇಂಚಿನ 690 ಸಿಮೆಂಟ್ ಬ್ಲಾಕ್ ಹಿಡಿದಿವೆ, ಒಳಗೋಡೆಗೆ ಹಿಂದಿನಂತೆ 6 ಇಂಚಿನವು. ಜುಲೈ 5ರಂದು ಬಂದ ಒಂದು ಲೋಡ್ ಎಂ-ಸ್ಯಾಂಡ್ ವಾಪಸ್ ಕಳಿಸಿದೆವು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅಂಗೈ ತುಂಬ ಬೂದಿಯಂಥ ಧೂಳು ಉಳಿಯುತ್ತಿತ್ತು. ಲಾರಿಯವನು ಅರ್ಧ ಗಂಟೆ ವಾದ ಮಾಡಿದ, ಇಳಿಸಿಕೊಳ್ಳಲಿಲ್ಲ. ಬದಲಿ ಲೋಡ್ ಮರುದಿನವೇ ಬಂದದ್ದರಿಂದ ಕೆಲಸ ನಿಲ್ಲಲಿಲ್ಲ.

ಸೆಂಟ್ರಿಂಗ್ 12ಕ್ಕೆ ಮುಗಿಯಿತು. ಸಜ್ಜಾ ಮತ್ತು ಮುಂದಿನ ಬಾಲ್ಕನಿ ಸೇರಿ 1,430 ಚದರಡಿ. 2,140 ಕಿಲೋ ಕಂಬಿ ಕಟ್ಟಿದ್ದೇವೆ. ಫ್ಯಾನ್ ಬಾಕ್ಸ್ ಏಳೂ ಕೂರಿಸಿ, ಪೈಪಿನ ಬಾಯಿಗೆ ಪೇಪರ್ ತುರುಕಿ ಟೇಪ್ ಸುತ್ತಿದ್ದೇವೆ. ಹಾಲಿನ ಫ್ಯಾನ್ ನೀವು ಹೇಳಿದಂತೆ ಟಿ.ವಿ. ಗೋಡೆಯಿಂದ 9 ಅಡಿಗೆ ಬಂದಿದೆ.

ಜೂನ್ 18ರಂದು ಹಾಕಿದ ಲಿಂಟಲ್ ಕಾಂಕ್ರೀಟಿನ ಕ್ಯೂಬುಗಳಿಗೆ ಜುಲೈ 16ಕ್ಕೆ 28 ದಿನ ತುಂಬಿತು. ಲ್ಯಾಬ್ ಫಲಿತಾಂಶ 23.4, 24.1 ಮತ್ತು 22.8. ಎಂ-20 ಕಾಂಕ್ರೀಟಿಗೆ ಇರಬೇಕಾದ ಬಲ ಚದರ ಮಿಲಿಮೀಟರಿಗೆ 20 ನ್ಯೂಟನ್, ಅಂದರೆ ಮೂರೂ ಪಾಸು.

ಸಂಪಿನ ಗುಂಡಿ ಈ ತಿಂಗಳ ಪಟ್ಟಿಯಲ್ಲಿತ್ತು, ತೋಡಿಲ್ಲ. ಈ ಮಳೆಯಲ್ಲಿ ತೋಡಿದರೆ ಬದಿ ಕುಸಿದು ಕಾಂಪೌಂಡಿನ ಕಲ್ಲೂ ಜೊತೆಗೆ ಬರುತ್ತದೆ. ಸೆಪ್ಟೆಂಬರಿಗೆ ಮುಂದೂಡಿದ್ದೇವೆ, ಇದರಿಂದ ಬೇರೆ ಯಾವ ಕೆಲಸಕ್ಕೂ ಅಡ್ಡಿಯಿಲ್ಲ.

ತಡವಾದದ್ದು ಹೇಗೆ

ಭಾನುವಾರ ಮತ್ತು ಮೊಹರಂ ರಜೆ ಬಿಟ್ಟರೆ ತಿಂಗಳಲ್ಲಿ 26 ಕೆಲಸದ ದಿನ. ಪೂರ್ತಿ ಕೆಲಸ ನಡೆದದ್ದು 11 ದಿನ, ಅರ್ಧ ದಿನದ್ದು 5, ಏನೂ ನಡೆಯದ್ದು 10. ಆ ಹತ್ತರಲ್ಲಿ 7 ಮಳೆಗೆ ಹೋದವು, 3 ಡ್ರಾಯಿಂಗಿಗೆ ಕಾದು ಹೋದವು. ಮೋಲ್ಡ್ ಆಗಸ್ಟ್ 7ಕ್ಕೆ ಬಿದ್ದರೂ ಒಟ್ಟು 22 ದಿನ ತಡ. ಅದನ್ನು ಹೀಗೆ ಹಂಚಿದ್ದೇನೆ:

ಮಳೆ: 15 ದಿನ
ಮೇಲಿನ ಬಾತ್‌ರೂಮ್ ಜಾಗ ಬದಲಾವಣೆ: 4 ದಿನ
ನಮ್ಮ ತಪ್ಪು: 3 ದಿನ

ಬಾತ್‌ರೂಮಿನದು ನಿಮಗೆ ಗೊತ್ತಿರುವುದೇ. ಜುಲೈ 9ರಂದು ಫೋನಿನಲ್ಲಿ ಅದನ್ನು ಈಶಾನ್ಯದಿಂದ ವಾಯವ್ಯಕ್ಕೆ ಸರಿಸಲು ಹೇಳಿದಿರಿ. ಬಾತ್‌ರೂಮ್ ಸರಿದರೆ ಅದರ ಕೆಳಗಿನ ತಗ್ಗು ಸ್ಲ್ಯಾಬೂ ಅದನ್ನು ಹೊರುವ ಬೀಮೂ ಸರಿಯಬೇಕು. ಸ್ಟ್ರಕ್ಚರಲ್ ಇಂಜಿನಿಯರ ಹೊಸ ಡ್ರಾಯಿಂಗ್ 13ಕ್ಕೆ ಕೈಗೆ ಬಂತು, ಅಲ್ಲಿಯವರೆಗೆ ಬಾರ್ ಬೆಂಡರುಗಳು ಸುಮ್ಮನೆ ಕೂತರು. ಬದಲಾವಣೆ ಬೇಡವಿತ್ತು ಎನ್ನುತ್ತಿಲ್ಲ, ಮೋಲ್ಡ್ ಬಿದ್ದ ಮೇಲೆ ನೆನಪಾಗುವುದಕ್ಕಿಂತ ಇದು ಎಷ್ಟೋ ವಾಸಿ.

ಇನ್ನು ನಮ್ಮ ತಪ್ಪು. 18ರಂದು ನೀವು ಫೋನ್ ಮಾಡಿ, "ಒಂದು ಹೊತ್ತು ಮಳೆ ಬಿಟ್ಟರೆ ಸಾಕು, ಟಾರ್ಪಾಲು ಹಿಡಿದು ಹಾಕಿಬಿಡಿ" ಎಂದಿದ್ದಿರಿ. ನಾನು ಒಪ್ಪಲಿಲ್ಲ, ನಿಮಗೆ ಸ್ವಲ್ಪ ಬೇಸರವೂ ಆಯಿತು. 20ರ ಶನಿವಾರ ಸಂಜೆ ಮಳೆ ನಿಂತ ಮೇಲೆ ಮೇಸ್ತ್ರಿ ಸೆಂಟ್ರಿಂಗ್ ಕೆಳಗೆ ಹೋಗಿ ಹಾಲಿನ ಉದ್ದಕ್ಕೂ ದಾರ ಎಳೆದ. ಎರಡೂ ತುದಿಯಲ್ಲಿ ಹಲಗೆಗೆ ತಾಗುತ್ತಿದ್ದ ದಾರ ನಡುವೆ ಹಲಗೆಯೊಳಗೆ ಒತ್ತಿಕೊಂಡಿತ್ತು. ನೀರಿನ ಪೈಪ್ ಹಿಡಿದು ಲೆವೆಲ್ ನೋಡಿದರೆ ನಡುವಿನ ಸಾಲು 18 ಮಿಲಿಮೀಟರ್ ಕೆಳಗೆ ಕೂತಿತ್ತು. ಪಾಯದೊಳಗೆ ತುಂಬಿದ ಮಣ್ಣು ನೀರು ಕುಡಿದು ಮೆತ್ತಗಾಗಿತ್ತು. ಊರೆಯ ಬುಡಕ್ಕೆ ಉದ್ದ ಹಲಗೆ ಹಾಸಬೇಕಿತ್ತು, ನಮ್ಮವರು ಒಂದೊಂದು ಬ್ಲಾಕ್ ತುಂಡು ಇಟ್ಟು ನಿಲ್ಲಿಸಿದ್ದರು. 12ರಂದು ಸೆಂಟ್ರಿಂಗ್ ನೋಡಿದವನು ನಾನೇ, ಬುಡ ಬಗ್ಗಿ ನೋಡಿರಲಿಲ್ಲ.

ಕಾಂಕ್ರೀಟು ಬಿದ್ದ ಮೇಲೆ 5 ಇಂಚಿನ ಸ್ಲ್ಯಾಬ್ ಚದರಡಿಗೆ ಸುಮಾರು 30 ಕಿಲೋ ತೂಗುತ್ತದೆ. ಬೀಮೂ ಸೇರಿದರೆ ಇಡೀ ಮೋಲ್ಡ್ 56 ಟನ್. ಬರಿಯ ಹಲಗೆ ಮತ್ತು ಕಂಬಿಯ ಭಾರಕ್ಕೇ 18 ಮಿ.ಮೀ. ಕೂತ ಊರೆ ಅಷ್ಟು ಭಾರಕ್ಕೆ ಎಷ್ಟು ಕೂರುತ್ತಿತ್ತೋ! 23ರಿಂದ 25ರವರೆಗೆ ಎಲ್ಲ ಊರೆಗಳ ಬುಡಕ್ಕೆ 2 ಇಂಚು ದಪ್ಪದ ಹಲಗೆ ಹಾಸಿ, ಜ್ಯಾಕ್ ಕೊಟ್ಟು ಎತ್ತಿ, ಲೆವೆಲ್ ಮಾಡಿದ್ದೇವೆ. ಮನೆಯೊಳಗೆ ನೀರು ನುಗ್ಗದಂತೆ ಹಿಂಬದಿಗೆ ಕಾಲುವೆಯನ್ನೂ ತೆಗೆದಿದ್ದೇವೆ. ಮೂರು ದಿನದ ಕೂಲಿ, ಹಲಗೆ ಬಾಡಿಗೆ ಎಲ್ಲ ನಮ್ಮದೇ. 28ಕ್ಕೂ ನಿನ್ನೆ 31ಕ್ಕೂ ಮತ್ತೆ ದಾರ ಹಿಡಿದು ನೋಡಿದೆ, ಕದಲಿಲ್ಲ. ಫೋಟೋ ವಾಟ್ಸಾಪಿನಲ್ಲಿ ಕಳಿಸಿದ್ದೇನೆ.

ಕಂಬಿ ಕೆಂಪಾಗಿದೆ ಎಂದು ಫೋಟೋ ನೋಡಿ ಅಮ್ಮನವರು ಕೇಳಿದ್ದರಂತೆ. ಕೈಯಲ್ಲಿ ಉಜ್ಜಿದರೆ ಬರುವ ತೆಳು ತುಕ್ಕಿನಿಂದ ತೊಂದರೆಯಿಲ್ಲ, ಹಕ್ಕಳೆ ಏಳುವ ತುಕ್ಕು ಇರಬಾರದು. ಅಂಥದ್ದು ಮೆಟ್ಟಿಲ ಹತ್ತಿರ ನಾಲ್ಕು ಕಂಬಿಯಲ್ಲಿ ಕಂಡಿದೆ, ತಂತಿ ಬ್ರಶ್ಶಿನಲ್ಲಿ ಉಜ್ಜಿಸುತ್ತಿದ್ದೇವೆ.

ನಿಮ್ಮ ತೀರ್ಮಾನ ಬೇಕಾದದ್ದು

ಸೈಟಿನಲ್ಲೇ ಮಿಕ್ಸರ್ ಇಟ್ಟು ಹಾಕಿದರೆ 22.5 ಘನ ಮೀಟರಿಗೆ 180 ಮೂಟೆ ಸಿಮೆಂಟು, ಬೆಳಿಗ್ಗೆ 7ರಿಂದ ಸಂಜೆವರೆಗೆ ಮಳೆ ಬಿಡಬೇಕು. ಈಗಿನ ಮಲೆನಾಡಿನ ಆಕಾಶ ನಂಬಿ ಹನ್ನೊಂದು ಗಂಟೆ ಕೇಳುವುದು ಹುಡುಗಾಟ. ರೆಡಿಮಿಕ್ಸ್ ತರಿಸಿ ಬೂಮ್ ಪಂಪಿನಲ್ಲಿ ಹಾಕಿದರೆ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಪ್ಲಾಂಟ್ ಸೈಟಿನಿಂದ 14 ಕಿ.ಮೀ. ದೂರವಿದೆ.

ಲೆಕ್ಕ: ಸೈಟ್ ಮಿಕ್ಸಿಗೆ ಸಿಮೆಂಟು, ಜಲ್ಲಿ, ಎಂ-ಸ್ಯಾಂಡ್, ಮೋಲ್ಡ್ ಗ್ಯಾಂಗಿನ ಕೂಲಿ ಸೇರಿ ರೂ. 1,36,600. ರೆಡಿಮಿಕ್ಸಿಗೆ ಪಂಪ್ ಬಾಡಿಗೆ ಮತ್ತು ಹರಡುವ ಕೂಲಿ ಸೇರಿ ರೂ. 1,50,000. ವ್ಯತ್ಯಾಸ ರೂ. 13,400. ತಡದಲ್ಲಿ ನಮ್ಮ ಪಾಲೂ ಇರುವುದರಿಂದ ಅರ್ಧ ನಾವು ಹಾಕಿಕೊಳ್ಳುತ್ತೇವೆ, ನಿಮಗೆ ಬರುವುದು ರೂ. 6,700. ಶೆಡ್ಡಿನಲ್ಲಿ ಹಲಗೆ ಮೇಲೆ ಜೋಡಿಸಿಟ್ಟಿರುವ 120 ಮೂಟೆ ಸಿಮೆಂಟನ್ನು ಮೇಲಿನ ಗೋಡೆಗೆ ಬಳಸುತ್ತೇವೆ. ಗಟ್ಟಿ ಕಟ್ಟಿದ ಮೂಟೆ ಸಿಕ್ಕರೆ ಅದನ್ನು ಬಿಸಾಡುವ ನಷ್ಟವೂ ನಮಗೇ.

ಇನ್ನೊಂದು ತೊಡಕು ರಸ್ತೆಯದು. ಕೊನೆಯ 200 ಅಡಿ ಬರೀ ಕೆಸರು, ತುಂಬಿದ ಲಾರಿ ಹೂತರೆ ಅಂದಿನ ಕೆಲಸ ಅಲ್ಲಿಗೇ ಮುಗಿಯಿತು. ನೀವು ಒಪ್ಪಿದರೆ 5 ಮತ್ತು 6ರಂದು ನಾಲ್ಕು ಲೋಡ್ ಗೊರಚು ಹಾಕಿಸುತ್ತೇವೆ. ಅದರ ದುಡ್ಡು ಕೇಳುವುದಿಲ್ಲ, ನಮ್ಮ ಬ್ಲಾಕಿನ ಲಾರಿಗಳಿಗೂ ಅದೇ ದಾರಿ.

7ನ್ನೇ ಯಾಕೆ ಹಿಡಿದಿದ್ದೇನೆಂದರೆ, ಆಷಾಢ 4ಕ್ಕೆ ಮುಗಿಯುತ್ತದೆ, ಮನೆಯ ಹಿರಿಯರು ಶ್ರಾವಣ ಬರಲಿ ಎಂದಿದ್ದರು. ಇತ್ತ ನಮ್ಮ ಹುಡುಗರೆಲ್ಲ ಕೊಪ್ಪಳ ಕಡೆಯವರು, 9ರ ಶುಕ್ರವಾರ ಪಂಚಮಿ, 8ರ ಬೆಳಿಗ್ಗೆ ಬಸ್ಸು ಹತ್ತುತ್ತಾರೆ. ಪಂಚಮಿಗೆ ಊರಿಗೆ ಹೋಗಬೇಡಿ ಎಂದು ಅವರಿಗೆ ಹೇಳುವ ಗುತ್ತಿಗೆದಾರ ಇನ್ನೂ ಹುಟ್ಟಿಲ್ಲ. ಅವರು ಮರಳುವುದು 18ಕ್ಕೆ. 7 ತಪ್ಪಿದರೆ ಮುಂದಿನ ದಿನ 20.

ಆಗಸ್ಟ್ ಯೋಜನೆ

3ರವರೆಗೆ ತುಕ್ಕು ಉಜ್ಜುವುದು, ಜರುಗಿದ ಕವರ್ ಬ್ಲಾಕ್ ಸರಿ ಮಾಡುವುದು, ಉಬ್ಬಿದ ಪ್ಲೈವುಡ್ ಬದಲಿಸಿ ಸಂದಿ ಮುಚ್ಚುವುದು. 6ರ ಮಧ್ಯಾಹ್ನ ಇಂಜಿನಿಯರ್ ಬಂದು ಕಂಬಿ ನೋಡಿ ಸಹಿ ಹಾಕುತ್ತಾರೆ, ಅವರ ಸಹಿ ಇಲ್ಲದೆ ಪ್ಲಾಂಟಿಗೆ ಆರ್ಡರ್ ಕೊಡುವುದಿಲ್ಲ. 7ಕ್ಕೆ ಮೋಲ್ಡ್. ಪೂಜೆ 7 ಗಂಟೆಗೆ, ಕಾಂಕ್ರೀಟು 8ಕ್ಕೆ. ನೀವಿಬ್ಬರೂ ಬರುವುದಾದರೆ ಹಿಂದಿನ ರಾತ್ರಿಯೇ ಹೊರಟು ಬನ್ನಿ.

8ರಿಂದ 14 ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತೇವೆ. ಮಳೆ ಇದೆಯೆಂದು ಕ್ಯೂರಿಂಗ್ ಬಿಡುವಂತಿಲ್ಲ, ಮಧ್ಯೆ ಎರಡು ದಿನ ಬಿಸಿಲು ಬಿದ್ದರೂ ಸಾಕು ಬಿರುಕು ಬಿಡಲು. ಇದಕ್ಕೆಂದು ಇಲ್ಲಿಯದೇ ಇಬ್ಬರನ್ನು ಗೊತ್ತು ಮಾಡಿದ್ದೇನೆ. 19ರಿಂದ ಮೇಲಿನ ಗೋಡೆಯ ಮಾರ್ಕಿಂಗ್, ತಿಂಗಳ ಕೊನೆಗೆ ಕಿಟಕಿ ಮಟ್ಟ. ಮೇಲೆ ಬ್ಲಾಕಿನ ಭಾರ ಬೀಳುವುದರಿಂದ ಕೆಳಗಿನ ಊರೆಗಳನ್ನು 21 ದಿನದವರೆಗೆ ತೆಗೆಯುವುದಿಲ್ಲ. ಬಾಡಿಗೆ ಉಳಿಸಲು ಬೇಗ ಬಿಚ್ಚುವ ಅಭ್ಯಾಸ ನಮ್ಮಲ್ಲಿಲ್ಲ.

ಮೇಲಿನ ಮಹಡಿಯ ಸ್ವಿಚ್ ಮತ್ತು ಪ್ಲಗ್ ಪಾಯಿಂಟುಗಳ ಪಟ್ಟಿ 15ರೊಳಗೆ ಕಳಿಸಿ. ಟೈಲ್ಸಿಗೆ ಇನ್ನೂ ಸಮಯವಿದೆ, ಈಗಲೇ ಅಂಗಡಿ ಸುತ್ತಬೇಡಿ.

ಹಣ

ಒಪ್ಪಂದದ ಒಟ್ಟು ಮೊತ್ತ ರೂ. 51,45,000. ಲಿಂಟಲ್ ಹಂತದವರೆಗೆ ಶೇ 45, ಅಂದರೆ ರೂ. 23,15,250 ಬಂದಿದೆ. ಮೋಲ್ಡ್ ಹಂತದ ಶೇ 20, ರೂ. 10,29,000. ಕಾಂಕ್ರೀಟು ಬೀಳದೆ ಆ ಬಿಲ್ ಕಳಿಸುವುದಿಲ್ಲ. ಈ ತಿಂಗಳ ಬಿಲ್ ಬಾತ್‌ರೂಮ್ ಬದಲಾವಣೆಯದು ಮಾತ್ರ: 86 ಕಿಲೋ ಹೆಚ್ಚುವರಿ ಕಂಬಿಗೆ ರೂ. 6,192, ಸೆಂಟ್ರಿಂಗ್ ಬಿಚ್ಚಿ ಕಟ್ಟಿದ್ದಕ್ಕೆ ರೂ. 3,608, ಒಟ್ಟು ರೂ. 9,800. ಕಂಬಿಯ ತೂಕದ ಚೀಟಿ ಲಗತ್ತಿಸಿದೆ.

ಮುಗಿಯುವ ದಿನ

ಡಿಸೆಂಬರ್ 31 ಈಗ ಸಾಧ್ಯವಿಲ್ಲ. 7ಕ್ಕೆ ಮೋಲ್ಡ್ ಬಿದ್ದರೆ ಜನವರಿ 20, 20ಕ್ಕೆ ಹೋದರೆ ಫೆಬ್ರವರಿ 2. ಪ್ಲಾಸ್ಟರಿಂಗ್ ಹೊತ್ತಿಗೆ ಎರಡು ಗ್ಯಾಂಗ್ ಹಾಕಿ ನಮ್ಮ ಪಾಲಿನ 3 ದಿನ ಹಿಂದಕ್ಕೆ ತರುತ್ತೇನೆ, ಮಳೆಯ ಪಾಲಿಗೆ ಮಾತು ಕೊಡಲಾರೆ. ಗೃಹಪ್ರವೇಶಕ್ಕೆ ಮುಹೂರ್ತ ನೋಡಿಸುವುದಾದರೆ ಫೆಬ್ರವರಿ 15ರ ನಂತರದ್ದನ್ನು ನೋಡಿಸಿ, ಕಾರ್ಡ್ ಮಾತ್ರ ಪ್ಲಾಸ್ಟರಿಂಗ್ ಮುಗಿಯುವವರೆಗೆ ಅಚ್ಚಿಗೆ ಕೊಡಬೇಡಿ.

ರೆಡಿಮಿಕ್ಸ್ ವಿಷಯಕ್ಕೆ ಭಾನುವಾರ ಸಂಜೆಯೊಳಗೆ ಒಂದು ಮೆಸೇಜ್ ಹಾಕಿದರೆ ಸಾಕು. ಸೋಮವಾರ ಬೆಳಿಗ್ಗೆ ಗೊರಚಿನ ಲಾರಿಗೆ ಹೇಳಬೇಕು.

ಇಂತಿ ತಮ್ಮ ವಿಶ್ವಾಸಿ,
ಗುತ್ತಿಗೆದಾರ, ಶಿವಮೊಗ್ಗ

ಪ್ರತಿ: ಸ್ಟ್ರಕ್ಚರಲ್ ಇಂಜಿನಿಯರ್ ಅವರಿಗೆ
ಲಗತ್ತು: ಕ್ಯೂಬ್ ಪರೀಕ್ಷೆಯ ವರದಿ, ಕಂಬಿಯ ತೂಕದ ಚೀಟಿ, ಜುಲೈ ಹಾಜರಿ ಪುಸ್ತಕದ ಪ್ರತಿ