ಅಪ್‌ಡೇಟ್ ಆದ ಮೇಲೆ ಮೂರು ಬೆರಳಿನ ಸ್ಕ್ರೀನ್‌ಶಾಟ್ ಬರುತ್ತಿಲ್ಲ

ಸಪೋರ್ಟ್ ವಿಭಾಗದವರಿಗೆ ನಮಸ್ಕಾರ.

ನಾನು ಚಿಕ್ಕಮಗಳೂರು ತಾಲ್ಲೂಕು ಆಲ್ದೂರಿನ ಹತ್ತಿರ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್. ನಿಮ್ಮ ಫೋನ್ ತಗೊಂಡು ಎರಡು ವರ್ಷ ಆಗುತ್ತಾ ಬಂತು. ಕಳೆದ ಗುರುವಾರ ರಾತ್ರಿ ಆಂಡ್ರಾಯ್ಡ್ 15ರ ಅಪ್‌ಡೇಟ್ ಹಾಕಿದೆ. ಮಾರನೇ ಬೆಳಗ್ಗೆಯಿಂದ ಮೂರು ಬೆರಳು ಕೆಳಕ್ಕೆ ಎಳೆದರೆ ಸ್ಕ್ರೀನ್‌ಶಾಟ್ ಬರುತ್ತಿಲ್ಲ.

ಪೂರ್ತಿ ಕೆಟ್ಟಿದ್ದರೆ ಅರ್ಥ ಆಗುತ್ತಿತ್ತು. ಹೋಮ್ ಸ್ಕ್ರೀನ್‌ನಲ್ಲಿ ಎಳೆದರೆ ಸರಿಯಾಗಿ ಬರುತ್ತದೆ. ಯಾವುದೇ ಆಪ್ ತೆರೆದು ಎಳೆದರೆ ಪುಟ ಮಾತ್ರ ಜಾರುತ್ತದೆ, ಚಿತ್ರ ಇಲ್ಲ.

ಇಷ್ಟಕ್ಕೆಲ್ಲಾ ಪತ್ರವಾ ಅನ್ನಬೇಡಿ. ಶನಿವಾರ ನಮ್ಮಲ್ಲಿ ಬಟವಾಡೆ. ಇಪ್ಪತ್ತೆರಡು ಆಳುಗಳಿಗೆ ಯುಪಿಐನಲ್ಲಿ ಕೂಲಿ ಹಾಕಿ, ಪ್ರತಿಯೊಂದರ ಸ್ಕ್ರೀನ್‌ಶಾಟ್ ಸಾಹುಕಾರರಿಗೆ ಕಳಿಸಬೇಕು. ಎಡಗೈಯಲ್ಲಿ ಆಳುಗಳ ಹಾಜರಿಯ ಚೆಕ್‌ರೋಲ್ ಪುಸ್ತಕ, ಫೋನ್ ಮೇಜಿನ ಮೇಲೆ, ಬಲಗೈಯಲ್ಲಿ ಒಂದು ಎಳೆತ. ಕೆಲಸ ಮುಗೀತು. ಈಗ ಪವರ್ ಮತ್ತು ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಬೇಕು. ಅದು ಕೆಲಸ ಮಾಡುತ್ತದೆ, ಸುಳ್ಳು ಹೇಳಲ್ಲ. ಆದರೆ ಒಂದು ಚೂರು ಹಿಂದೆ ಮುಂದೆ ಆದರೂ ಫೋನ್ ಲಾಕ್. ಕಳೆದ ವಾರ ಹಾಗೇ ಐದಾರು ಸಲ ಆಯಿತು. ಹೊರಗೆ ಮಳೆ, ಬಾಗಿಲಲ್ಲಿ ಜನ, ನಾನು ಹಿಸ್ಟರಿಯಲ್ಲಿ ಒಂದೊಂದೇ ಪೇಮೆಂಟ್ ಹುಡುಕುತ್ತಾ ಕೂತಿದ್ದೆ.

ನೀವು ಕೇಳುವುದನ್ನೆಲ್ಲಾ ಮೊದಲೇ ಮಾಡಿ ನೋಡಿದ್ದೇನೆ. ಎರಡು ಸಲ ರೀಸ್ಟಾರ್ಟ್ ಮಾಡಿದೆ. ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆ ಆನ್ ಅಂತಲೇ ತೋರಿಸುತ್ತದೆ. ಆಫ್ ಮಾಡಿ ಮತ್ತೆ ಆನ್ ಮಾಡಿದರೂ ಅಷ್ಟೇ. ಸೇಫ್ ಮೋಡ್‌ನಲ್ಲೂ ಅದೇ ಕಥೆ, ಹಾಗಾಗಿ ನಾನು ಹಾಕಿಕೊಂಡ ಯಾವ ಆಪ್‌ನದ್ದೂ ಕಿತಾಪತಿ ಅಲ್ಲ. ಸ್ಕ್ರೀನ್ ಗಾರ್ಡ್ ಕಿತ್ತೂ ನೋಡಿದೆ. ಕೊನೆಗೆ ಮಗಳು Build number ಮೇಲೆ ಏಳು ಸಲ ಒತ್ತಿ, ಡೆವಲಪರ್ ಆಯ್ಕೆಗಳಲ್ಲಿ Pointer location ಆನ್ ಮಾಡಿಕೊಟ್ಟಳು. ಆಪ್ ಒಳಗೆ ಎಳೆದಾಗಲೂ ಮೂರು ಬೆರಳಿಗೆ ಮೂರು ಗೆರೆ ಬೀಳುತ್ತವೆ. ಅಂದರೆ ಗಾಜಿಗೆ ಬೆರಳು ಗೊತ್ತಾಗುತ್ತಿದೆ. ನಿಮ್ಮ ಸಾಫ್ಟ್‌ವೇರ್ ಅದನ್ನು ತಾನು ಹಿಡಿಯದೆ ಆಪ್‌ಗೆ ಬಿಟ್ಟುಕೊಡುತ್ತಿದೆ ಅನ್ನಿಸುತ್ತದೆ. ಕೆಲವು ಆಪ್‌ಗಳು ಸ್ಕ್ರೀನ್‌ಶಾಟ್ ತೆಗೆಯಲು ಬಿಡುವುದಿಲ್ಲ, ಅದು ನನಗೂ ಗೊತ್ತು. ಆದರೆ ಅದೇ ಪುಟದಲ್ಲಿ ಬಟನ್ ಒತ್ತಿದರೆ ಬರುತ್ತದಲ್ವಾ?

ಇದಕ್ಕೆ ಸರಿಪಡಿಸಿದ ಅಪ್‌ಡೇಟ್ ಯಾವಾಗ ಬರುತ್ತದೆ, ತಿಳಿಸಿ. ಅಲ್ಲಿಯವರೆಗೆ ಒಂದೇ ಕೈಯಲ್ಲಿ ತೆಗೆಯುವ ಬೇರೆ ದಾರಿ ಇದ್ದರೆ ಅದನ್ನೂ ಹೇಳಿ. ದಯವಿಟ್ಟು ಫ್ಯಾಕ್ಟರಿ ರೀಸೆಟ್ ಮಾಡಿ ಅನ್ನಬೇಡಿ, ತೋಟದ ಲೆಕ್ಕವೆಲ್ಲಾ ಇದರಲ್ಲೇ ಇದೆ. ಸರ್ವಿಸ್ ಸೆಂಟರ್‌ಗೆ ಬನ್ನಿ ಅಂದರೆ ನನಗೆ ಒಂದು ದಿನದ ರಜ.

ಇಪ್ಪತ್ತು ಸೆಕೆಂಡಿನ ವಿಡಿಯೊ ಜೊತೆಗಿದೆ. ಮಗಳ ಫೋನಿನಲ್ಲಿ ತೆಗೆದದ್ದು. ನೆಟ್‌ವರ್ಕ್ ಸರಿ ಇರಲ್ಲ, ಫೋನ್ ಮಾಡುವ ಬದಲು ಇದೇ ಮೇಲ್‌ಗೆ ಉತ್ತರ ಬರೆಯಿರಿ.

ಇಂತಿ,
ಮಂಜುನಾಥ
ಎಸ್ಟೇಟ್ ರೈಟರ್, ಆಲ್ದೂರು