ಓದುವ ಕೆಲಸ ಇಲ್ಲದ ಆಟ ಯಾವುದಿದೆ?

ಸುಮಾ,

ಹೇಗಿದ್ದೀಯಾ? ಸೋಮವಾರಪೇಟೆಯಲ್ಲಿ ಮಳೆ ಬಿಡುವ ಲಕ್ಷಣವೇ ಇಲ್ಲ. ಶಾಲೆಗೆ ಮತ್ತೆ ರಜೆ. ಕರೆಂಟು ಬಂದಾಗ ಬಂತು. ಫೋನ್ ಮಾಡಿದರೆ ಅರ್ಧ ಮಾತಿಗೇ ಕಟ್ ಆಗುತ್ತೆ, ಅದಕ್ಕೇ ಈ ಮೇಲ್.

ವಿಷಯ ಚಿರಂತನ್‌ದು. ಅವನಿಗೆ ಡಿಸ್ಲೆಕ್ಸಿಯಾ ಇರೋದು ನಿನಗೆ ಗೊತ್ತಲ್ಲ. ನಾವು ಓದಿ ಹೇಳಿದರೆ ಎಲ್ಲ ಅರ್ಥವಾಗುತ್ತೆ, ಲೆಕ್ಕದಲ್ಲಂತೂ ಚುರುಕು. ಒತ್ತಕ್ಷರ ಬಂದರೆ ಮಾತ್ರ ನಿಂತುಬಿಡುತ್ತಾನೆ. ಇಂಗ್ಲಿಷಿನಲ್ಲಿ b, d ಅದಲುಬದಲು.

ಮನೆಯಲ್ಲಿರುವ ಬಿಸ್ನೆಸ್ ಆಟದಲ್ಲಿ ಚಾನ್ಸ್ ಕಾರ್ಡ್ ಬಂದರೆ ಅದನ್ನು ತಿರುಗಿಸಿಯೂ ನೋಡದೆ ಅಕ್ಕನ ಕಡೆ ತಳ್ಳುತ್ತಾನೆ. ಮೊನ್ನೆ ಅವಳು 'ನೂರು ರೂಪಾಯಿ ದಂಡ' ಅಂತ ಓದಿದಳು. ಕಾರ್ಡಲ್ಲಿ ಇದ್ದದ್ದು ಬಹುಮಾನ! ತಮಾಷೆಗೆ ಮಾಡಿದ್ದು ನಿಜ, ಆದರೆ ಗೊತ್ತಾದ ಕೂಡಲೇ ಇವನು ಬೋರ್ಡು ಮಡಚಿಟ್ಟ. ಈಗ ಆ ಡಬ್ಬ ಹೊರಗೆ ಬಂದರೆ ಸಾಕು, ಅಡುಗೆಮನೆಗೆ ಬಂದು ನನ್ನ ಪಕ್ಕ ಕೂರುತ್ತಾನೆ.

ಆಟ ಬೇಡ ಅಂತಲ್ಲ ಕಣೇ. ಅತ್ತೆಯ ಹಳೇ ಚೆನ್ನೆಮಣೆ ತೆಗೆದುಕೊಟ್ಟೆ. ಬೀಜ ಕೈಗೆತ್ತಿಕೊಳ್ಳುವ ಮೊದಲೇ ಹದಿನಾಲ್ಕು ಗುಳಿಗಳ ಮೇಲೆ ಕಣ್ಣಾಡಿಸಿ, ಕೊನೇ ಬೀಜ ಎಲ್ಲಿ ಬೀಳುತ್ತೆ ಅಂತ ಲೆಕ್ಕ ಹಾಕಿರುತ್ತಾನೆ. ಅತ್ತೆಗೇ ಸೋಲು! ಆದರೆ ಅದು ಇಬ್ಬರ ಆಟ. ಕೈಲ್‌ಪೊಳ್ದ್‌ಗೆ ನಾದಿನಿಯ ಮಕ್ಕಳೂ ಬರುತ್ತಾರೆ. ನಾಲ್ಕೈದು ಜನ ಒಟ್ಟಿಗೆ ಆಡುವಂಥದ್ದು ಬೇಕು. ಚೌಕಾಬಾರ, ಕೇರಂ ಇದೆ. ಊನೋ ಆಡಿ ಆಡಿ ಎಲ್ಲರಿಗೂ ಸಾಕಾಗಿದೆ.

ನಿನ್ನ ಮನೆಯ ಬೀರು ತುಂಬ ಆಟದ ಡಬ್ಬ ಇವೆಯಲ್ಲ, ಅದಕ್ಕೇ ಕೇಳ್ತಿದ್ದೇನೆ. ಬ್ಲಾಕಸ್‌ನಲ್ಲಿ ಬಣ್ಣದ ತುಂಡುಗಳನ್ನು ಮೂಲೆಗೆ ಮೂಲೆ ತಾಗಿಸಿ ಇಡೋದು ತಾನೇ? ಅದು ಇವನಿಗೆ ಹಿಡಿಸಬಹುದು. ಆದರೆ ನಾಲ್ಕು ಜನಕ್ಕಿಂತ ಜಾಸ್ತಿ ಆಡೋಕಾಗಲ್ಲ, ಅಲ್ವಾ? ಡಿಕ್ಸಿಟ್‌ನ ಕಾರ್ಡಿನಲ್ಲಿ ಬರೀ ಚಿತ್ರ, ಸುಳಿವು ಬಾಯಲ್ಲಿ ಹೇಳಿದರಾಯ್ತು. ಕನ್ನಡದಲ್ಲೇ ಆಡಬಹುದು. ಇವನು ಕಥೆ ಕಟ್ಟೋದರಲ್ಲಿ ಪಂಟ. ಏಳು ವರ್ಷದ ಮಗುವಿಗೂ ಅದು ಹೊಂದುತ್ತಾ? ಟಿಕೆಟ್ ಟು ರೈಡ್‌ನಲ್ಲಿ ಊರಿನ ಹೆಸರು ಓದಬೇಕಂತೆ. ಮ್ಯಾಪ್ ನೋಡಿಕೊಂಡು ನಿಭಾಯಿಸಬಹುದಾ?

ಅಕ್ಷರ ಕಲಿಸುವ ಆಟ ಮಾತ್ರ ಹೇಳಬೇಡ. ಆ ಪಾಠ ಟೀಚರ್ ಹತ್ತಿರ ನಡೀತಿದೆ, ಚೆನ್ನಾಗೇ ಇದೆ. ರಜೆಯಲ್ಲೂ ಅದೇ ಆದರೆ ಅವನು ಕಂಡುಹಿಡಿದುಬಿಡುತ್ತಾನೆ. ಚಿಕ್ಕ ಮಕ್ಕಳ ಆಟವೂ ಬೇಡ, ಅಕ್ಕ ರೇಗಿಸುತ್ತಾಳೆ. ಮರಳು ಗಡಿಯಾರ ಇಟ್ಟು ಅವಸರ ಮಾಡುವಂಥದ್ದೂ ಆಗಲ್ಲ, ಗಾಬರಿಯಾಗುತ್ತಾನೆ. ಸಾವಿರದೈನೂರರ ಒಳಗೆ ಸಿಕ್ಕರೆ ಒಳ್ಳೆಯದು.

ನಿನ್ನ ಮಕ್ಕಳು ಆಡಿ ಬಿಟ್ಟದ್ದಿದ್ದರೆ ಇನ್ನೂ ಒಳ್ಳೆಯದಾಯ್ತು. ಶನಿವಾರ ನಮ್ಮವರು ಮೈಸೂರಿಗೆ ಬರುತ್ತಾರೆ, ಅವರ ಕೈಲಿ ಕೊಟ್ಟು ಕಳಿಸು. ಒಂದು ತುಂಡು ಕಳೆದಿದ್ದರೂ ಪರವಾಗಿಲ್ಲ. ನಿನಗೆ ಕಾಫಿಪುಡಿ, ಕಾಳುಮೆಣಸು ಅವರ ಹತ್ತಿರವೇ ಕಳಿಸ್ತೀನಿ.

ನಿನ್ನ,
ಕಾವ್ಯ