ಮಾರ್ಚ್ 2ರಿಂದ ಶಿರಾ ಶಿಬಿರ ಕಚೇರಿಯಲ್ಲಿ: ನನ್ನ ಪರಿಚಯ

ಇವರಿಗೆ: ಶಿರಾ ಶಿಬಿರ ಕಚೇರಿಯ ವಿಸ್ತರಣಾಧಿಕಾರಿಗಳು, ಪಶುವೈದ್ಯರು, ಕೂಲರ್ ಕೇಂದ್ರಗಳ ಮೇಲ್ವಿಚಾರಕರು, ಕಚೇರಿ ಸಿಬ್ಬಂದಿ, ಚಾಲಕರು

ಎಲ್ಲರಿಗೂ ನಮಸ್ಕಾರ.

ನಾನು ಡಾ. ಶೈಲಜಾ. ಶಿರಾ ಶಿಬಿರ ಕಚೇರಿಗೆ ಉಪ ವ್ಯವಸ್ಥಾಪಕಿಯಾಗಿ ನನ್ನನ್ನು ನೇಮಿಸಿರುವ ಆದೇಶ ನಿಮ್ಮ ಕೈಗೂ ಬಂದಿರುತ್ತದೆ. ಮಾರ್ಚ್ 2ರ ಸೋಮವಾರ ಬಂದು ಹಾಜರಾಗುತ್ತೇನೆ. ನಿಮ್ಮಲ್ಲಿ ಯಾರನ್ನೂ ನಾನು ಇದುವರೆಗೆ ಭೇಟಿಯಾಗಿಲ್ಲ. ಆದೇಶದ ಪ್ರತಿಯಲ್ಲಿ ಹೆಸರು, ಹುದ್ದೆ ಬಿಟ್ಟರೆ ಮನುಷ್ಯರ ಬಗ್ಗೆ ಬೇರೇನೂ ಇರುವುದಿಲ್ಲವಲ್ಲ, ಅದಕ್ಕೇ ಬರುವ ಮೊದಲು ಈ ಮೇಲ್ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ಬಿಡುವಾದಾಗ ಓದಿ.

ನಾನು ಓದಿದ್ದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ. 2009ರಲ್ಲಿ ಹಾಲು ಒಕ್ಕೂಟಕ್ಕೆ ಪಶುವೈದ್ಯೆಯಾಗಿ ಸೇರಿದೆ. ಮೊದಲ ವರ್ಷಗಳು ಕಳೆದದ್ದು ಹಳ್ಳಿಯ ಕೊಟ್ಟಿಗೆಗಳಲ್ಲೇ: ಕೆಚ್ಚಲು ಬಾವು, ಕಷ್ಟದ ಹೆರಿಗೆ, ಕಾಲುಬಾಯಿ ಜ್ವರದ ಲಸಿಕೆ. ಆಮೇಲೆ ಮುಖ್ಯ ಡೇರಿಯ ಗುಣಮಟ್ಟ ವಿಭಾಗದಲ್ಲಿ ಕೆಲಕಾಲ ಇದ್ದು, ಈಗ ತಿಪಟೂರಿನಿಂದ ಬರುತ್ತಿದ್ದೇನೆ. ಹಾಲು ಹಿಂಡುವ ಜಾಗ, ಅದು ಪಾಸೋ ಫೇಲೋ ಎಂದು ತೀರ್ಮಾನವಾಗುವ ಜಾಗ, ಎರಡನ್ನೂ ನೋಡಿದ್ದೇನೆ. ಆದರೆ ಶಿರಾ ನನಗೆ ಹೊಸದು. ಹೆದ್ದಾರಿಯಲ್ಲಿ ಹಿರಿಯೂರಿನ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದ ಪರಿಚಯವನ್ನು ಪರಿಚಯ ಅನ್ನಲಾಗದು.

ತಿಪಟೂರಿನಲ್ಲಿ ತೆಂಗಿನ ಸಾಲುಗಳ ನಡುವೆ ನೇಪಿಯರ್ ಹುಲ್ಲು ಹಾಕಿಕೊಳ್ಳುವ ರೈತರಿದ್ದಾರೆ, ಬೇಸಿಗೆಯಲ್ಲೂ ಹಸುವಿನ ಮುಂದೆ ಒಂದು ಹಿಡಿ ಹಸಿರು ಬೀಳುತ್ತದೆ. ನಿಮ್ಮ ಕಡೆ ಬೆದ್ದಲು ಜಾಸ್ತಿ. ಈ ತಿಂಗಳುಗಳಲ್ಲಿ ರಾಗಿ ಹುಲ್ಲು, ಕಡ್ಲೆಕಾಯಿ ಬಳ್ಳಿ ಬಿಟ್ಟರೆ ಎಷ್ಟು ಮನೆಗಳಲ್ಲಿ ಏನಿರುತ್ತದೆ, ಬಳ್ಳಿ ಕುರಿಗೆ ಹೋಗುತ್ತದೋ ಹಸುವಿಗೋ, ಕೊಳವೆಬಾವಿ ಇರುವ ಊರುಗಳಲ್ಲಿ ಅಡಿಕೆ ಬಂದ ಮೇಲೆ ಮೇವಿನ ಜಾಗಕ್ಕೆ ಏನಾಗಿದೆ, ಇವೆಲ್ಲ ನನಗೆ ಗೊತ್ತಿಲ್ಲ. ಅಲ್ಲಿ ನಡೆದದ್ದು ಇಲ್ಲೂ ನಡೆಯುತ್ತದೆ ಎಂದು ಹೊರಡುವವಳಲ್ಲ ನಾನು. "ನಮ್ಮ ತಿಪಟೂರಿನಲ್ಲಿ ಹೀಗೆ ಮಾಡ್ತಿದ್ವಿ" ಎಂದು ನಾನು ಮಾತು ಮಾತಿಗೂ ಶುರು ಮಾಡಿದರೆ ದಯವಿಟ್ಟು ನಿಲ್ಲಿಸಿ.

ಇನ್ನು ನಿಮ್ಮೆಲ್ಲರ ಮನಸ್ಸಿನಲ್ಲಿ ಇರಬಹುದಾದ ವಿಷಯಕ್ಕೆ ಬರುತ್ತೇನೆ. ಹಾಲಿನ ಮಾರ್ಗಗಳನ್ನು ಒಟ್ಟುಗೂಡಿಸಿ ಕಡಿಮೆ ಮಾಡುವುದಕ್ಕೇ ಹೊಸಬರನ್ನು ಕಳಿಸುತ್ತಿದ್ದಾರೆ ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ. ನನಗೆ ಹೇಳಿರುವುದು ಇಷ್ಟು: ಪ್ರತಿ ಮಾರ್ಗದ ಸಾಗಣೆ ವೆಚ್ಚ ನೋಡಿ, ಜೂನ್ ಕೊನೆಯೊಳಗೆ ಒಂದು ವರದಿ ಕೊಡಿ. ಯಾವ ಮಾರ್ಗವನ್ನೂ ನಿಲ್ಲಿಸುವ ಆದೇಶ ನನ್ನ ಬಳಿ ಇಲ್ಲ. ಮಾರ್ಗಗಳಲ್ಲಿ ಏನೂ ಬದಲಾಗುವುದೇ ಇಲ್ಲ ಎಂಬ ಭರವಸೆಯನ್ನು ಕೊಡುವ ಅಧಿಕಾರವೂ ನನಗಿಲ್ಲ, ಹಾಗಾಗಿ ಕೊಡುತ್ತಿಲ್ಲ.

ಆದರೆ ವರದಿ ಹೇಗೆ ತಯಾರಾಗುತ್ತದೆ ಎಂಬುದು ನನ್ನ ಕೈಯಲ್ಲಿದೆ. ಲೀಟರಿಗೆ ಇಷ್ಟು ಪೈಸೆ ಸಾಗಣೆ ಎಂಬ ಲೆಕ್ಕವನ್ನು ಯಾರು ಬೇಕಾದರೂ ಕಂಪ್ಯೂಟರಿನ ಮುಂದೆ ಕೂತು ಮಾಡಬಹುದು. ಎರಡು ಮಾರ್ಗ ಒಂದಾದರೆ ಮೊದಲ ಸಂಘದ ಕ್ಯಾನು ಎಷ್ಟು ಹೊತ್ತು ಹೆಚ್ಚಿಗೆ ಲಾರಿಯ ಮೇಲಿರುತ್ತದೆ ಎಂಬುದು ಆ ಲೆಕ್ಕದಲ್ಲಿ ಕಾಣುವುದಿಲ್ಲ. ಕೆಚ್ಚಲಿನಿಂದ ಬಂದ ಹಾಲು ಹಸುವಿನ ಮೈಯಷ್ಟೇ ಬಿಸಿ ಇರುತ್ತದೆ. ಅದು ಕೂಲರಿಗೆ ಬಿದ್ದು 4 ಡಿಗ್ರಿಗೆ ಇಳಿಯುವ ತನಕ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ, ಅದರಲ್ಲೂ ಏಪ್ರಿಲ್ ತಿಂಗಳ ಸಂಜೆ ಹಾಲಿಗೆ. ಸಾಗಣೆಯಲ್ಲಿ ಉಳಿಸಿದ್ದನ್ನು ಒಡೆದ ಹಾಲಿನಲ್ಲಿ ಕಳೆದುಕೊಳ್ಳುವುದು ಉಳಿತಾಯವಲ್ಲ. 40 ಲೀಟರಿನ ಒಂದು ಕ್ಯಾನು ಹುಳಿಯಾಗಿ ವಾಪಸ್ ಬಂದರೆ ಅದನ್ನು ಸಂಘದ ಜಗಲಿಯ ಮೇಲೆ ಇಳಿಸುವಾಗ ಕಾರ್ಯದರ್ಶಿಯ ಮುಖ ಹೇಗಿರುತ್ತದೆ, ಸುತ್ತ ನಿಂತವರು ಏನನ್ನುತ್ತಾರೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಆದ್ದರಿಂದ, ನಾನೇ ಲಾರಿಯಲ್ಲಿ ಕೂತು ಓಡಾಡದ ಮಾರ್ಗದ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ. ಬರೆದದ್ದನ್ನು ಮೇಲಕ್ಕೆ ಕಳಿಸುವ ಮುನ್ನ ಆ ಮಾರ್ಗದ ವಿಸ್ತರಣಾಧಿಕಾರಿ ಓದಿರುತ್ತಾರೆ. ಒಪ್ಪದಿದ್ದರೆ ಅವರ ಮಾತನ್ನು ಅವರದೇ ಹೆಸರಿನಲ್ಲಿ ವರದಿಗೆ ಸೇರಿಸುತ್ತೇನೆ.

ಯುಗಾದಿ ಮಾರ್ಚ್ 19ಕ್ಕೆ ಇದೆ. ಅಷ್ಟರೊಳಗೆ ಎಲ್ಲ ಮಾರ್ಗಗಳನ್ನೂ ಒಂದು ಸುತ್ತು ಹಾಕಿ ಬರಬೇಕು ಎಂದುಕೊಂಡಿದ್ದೇನೆ. ಬುಕ್ಕಾಪಟ್ಟಣದ ಕಡೆಯಿಂದ ಶುರು ಮಾಡೋಣವೋ, ಹುಲಿಕುಂಟೆಯಿಂದಲೋ ಎಂಬುದನ್ನು ನೀವೇ ನಿರ್ಧರಿಸಿ. ಬೆಳಗಿನ ಶೇಖರಣೆಯ ಹೊತ್ತಿಗೆ ಸಂಘದಲ್ಲಿ ಇರಬೇಕು, ಅಷ್ಟೇ ನನ್ನ ಷರತ್ತು. ಇದು ತಪಾಸಣೆ ಅಲ್ಲ. ನಾನು ಬರುತ್ತೇನೆ ಎಂದು ಸಂಘಗಳಿಗೆ ಮೊದಲೇ ಫೋನ್ ಮಾಡಿ, ಸುಣ್ಣ ಬಳಿಸಿ, ಕುರ್ಚಿಗೆ ಟವೆಲ್ ಹೊದಿಸುವ ಕೆಲಸ ಬೇಡ. ಹಾಲು ಹಾಕುವವರ ಸಾಲಿನ ಪಕ್ಕ ನಿಂತುಕೊಳ್ಳಲು ಜಾಗ ಸಿಕ್ಕರೆ ಸಾಕು.

ನನಗೆ ನೋಡಬೇಕಿರುವುದು ಸಣ್ಣ ಸಂಗತಿಗಳು. ಮೂರು ಲೀಟರ್ ಹಾಲು ತಂದ ಹೆಂಗಸು ತೂಕದ ಯಂತ್ರ ನೋಡುವುದಿಲ್ಲ, ಫ್ಯಾಟ್ ತೋರಿಸುವ ಪರದೆಯನ್ನೇ ನೋಡುತ್ತಾಳೆ. "ನಿನ್ನೆ ನಾಲ್ಕು ಎರಡು ಬಂದಿತ್ತು, ಇವತ್ತು ಮೂರು ಆರು ಹೆಂಗ್ ಬಂತು? ಹಸು ಅದೇ, ಮೇವು ಅದೇ" ಅನ್ನುತ್ತಾಳೆ. ಹತ್ತರಲ್ಲಿ ಕೆಲವು ಸಲ ಆಕೆಯ ಮಾತು ನಿಜ. ಪರೀಕ್ಷಕರು ಅವಸರದಲ್ಲಿ ಹಾಲನ್ನು ಚೆನ್ನಾಗಿ ಕಲಕದೆ ಮೇಲಿಂದಲೋ ತಳದಿಂದಲೋ ಸ್ಯಾಂಪಲ್ ತೆಗೆದರೆ ಅಂಕಿ ಏರುಪೇರಾಗುತ್ತದೆ, ಕೆನೆ ತೇಲುವ ಪದಾರ್ಥವಲ್ಲವೇ. ಉಳಿದ ಸಲ ಕಾರಣ ಕೊಟ್ಟಿಗೆಯಲ್ಲಿರುತ್ತದೆ, ಅದನ್ನು ಆಕೆಗೆ ಬಿಡಿಸಿ ಹೇಳುವವರು ನಾವಾಗಬೇಕು. "ಯಂತ್ರ ಹಂಗೇ ತೋರಿಸ್ತಾ ಇದೆ" ಎಂಬ ಉತ್ತರ ನಾವು ಕೊಡಬಾರದ ಉತ್ತರ ಎಂದು ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಮೇವು ಕಮ್ಮಿಯಾಗಿ, ಸೆಕೆಗೆ ಹಸು ತಿನ್ನುವುದನ್ನು ಬಿಟ್ಟು, ಎಸ್‌ಎನ್‌ಎಫ್ 8.5ಕ್ಕಿಂತ ಕೆಳಗಿಳಿದಾಗ ಹಾಲಿಗೆ ನೀರು ಬೆರೆಸಿದ್ದಾರೆ ಎಂದು ಅನುಮಾನಿಸುವುದು ಸುಲಭ. ಅನುಮಾನಿಸುವ ಮೊದಲು ಆ ಮನೆಗೆ ಪಶುವೈದ್ಯರೊಬ್ಬರು ಹೋಗಿ ಬರಬೇಕು. ಇದರ ಬಗ್ಗೆ ಪಶುವೈದ್ಯ ಮಿತ್ರರ ಜೊತೆ ಬೇರೆಯಾಗಿಯೇ ಕೂತು ಮಾತಾಡುವುದಿದೆ.

ರೈತರು ನಿಮ್ಮನ್ನು ದಿನಾ ಕೇಳುವ ಇನ್ನೆರಡು ಪ್ರಶ್ನೆ ನನಗೆ ಗೊತ್ತು. ಒಂದು, "ಐದು ರೂಪಾಯಿ ಯಾವಾಗ ಬರುತ್ತೆ?" ಸರ್ಕಾರದ ಪ್ರೋತ್ಸಾಹಧನ ಯಾವ ದಿನ ಬಿಡುಗಡೆ ಆಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಆದರೆ ಬಂದಾಗ ಯಾರದೂ ತಪ್ಪಿಹೋಗದಂತೆ ಬ್ಯಾಂಕ್ ಖಾತೆ, ಆಧಾರ್ ಜೋಡಣೆ ಸರಿ ಮಾಡಿಸುವುದು ನಮ್ಮ ಕೈಯಲ್ಲಿದೆ. ಹಣ ಹೋಗದೆ ಉಳಿದವರ ಪಟ್ಟಿ ಸಂಘವಾರು ಸಿದ್ಧವಿದ್ದರೆ ಮೊದಲ ವಾರದಲ್ಲೇ ನನಗೆ ಬೇಕು. ಇಲ್ಲದಿದ್ದರೆ ಒಟ್ಟಿಗೆ ಕೂತು ಮಾಡೋಣ. ಇನ್ನೊಂದು ಪ್ರಶ್ನೆ ಹಸು ಸತ್ತ ಮನೆಯದು, ವಿಮೆ ಹಣದ್ದು. ಕಿವಿಯೋಲೆ ಬಿದ್ದುಹೋಗಿದ್ದು ಯಾರೂ ಗಮನಿಸದೆ, ಹಸು ಸತ್ತ ಮೇಲೆ ಅರ್ಜಿ ಅಲ್ಲೇ ನಿಂತುಬಿಡುತ್ತದೆ. ನೀವು ಬೇರೆ ಕೆಲಸಕ್ಕೆ ಕೊಟ್ಟಿಗೆಗೆ ಹೋದಾಗಲೂ ಕಿವಿಯ ಕಡೆ ಒಮ್ಮೆ ಕಣ್ಣು ಹಾಯಿಸಿ ಎಂಬುದು ಈಗಿನಿಂದಲೇ ನನ್ನ ಕೋರಿಕೆ.

ನನ್ನ ಜೊತೆ ಕೆಲಸ ಮಾಡುವ ಬಗ್ಗೆ ಒಂದೆರಡು ಮಾತು. ಕೆಟ್ಟ ಸುದ್ದಿ ನನಗೆ ಬೇಗ ಬೇಕು. ಕೂಲರಿನ ಕಂಪ್ರೆಸರ್ ಕೈಕೊಟ್ಟಿತು, ಕರೆಂಟ್ ಹೋಗಿ ಜನರೇಟರಿಗೆ ಡೀಸೆಲ್ ಇಲ್ಲ, ಸಂಘದಲ್ಲಿ ಜಗಳವಾಗಿ ಜನ ಹಾಲು ಹಾಕುತ್ತಿಲ್ಲ, ಇಂಥದ್ದಕ್ಕೆ ಹೊತ್ತು ನೋಡಬೇಡಿ, ಬೆಳಿಗ್ಗೆ ನಾಲ್ಕೂವರೆ ಆಗಿದ್ದರೂ ಫೋನ್ ಮಾಡಿ. ಟ್ಯಾಂಕರ್ ಡೇರಿಗೆ ಹೋಗಿ, ಅಲ್ಲಿಂದ ನನಗೆ ಫೋನ್ ಬಂದು, ಆಮೇಲೆ ನಿಮ್ಮಿಂದ ವಿಷಯ ತಿಳಿದರೆ ನಾನು ನಿಮ್ಮ ಪರವಾಗಿ ಮಾತಾಡುವುದಕ್ಕೇ ಆಗುವುದಿಲ್ಲ. ಮೊದಲೇ ಗೊತ್ತಿದ್ದರೆ ಬೇರೆ ಕೂಲರಿಗೆ ಹಾಲು ತಿರುಗಿಸಲು ಓಡಾಡಬಹುದು. ವಾಟ್ಸಾಪ್ ಗುಂಪಿನಲ್ಲಿ ಯಾರನ್ನೂ ಹೆಸರು ಹಿಡಿದು ಗದರಿಸುವ ಅಭ್ಯಾಸ ನನಗಿಲ್ಲ. ಹೇಳಬೇಕಾದ್ದು ಇದ್ದರೆ ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ. ನೀವೂ ಹಾಗೇ ಮಾಡಿ. ರಾತ್ರಿ ಎಂಟರ ನಂತರ ಅಂಕಿಅಂಶ ಕೇಳಿ ಮೆಸೇಜ್ ಹಾಕುವುದಿಲ್ಲ. ಬೆಳಗಿನ ಜಾವ ಏಳುವವರಿಗೆ ನಿದ್ದೆ ಬೇಕು.

ನಿವೃತ್ತರಾದ ಸಾಹೇಬರ ಜೊತೆ ಫೋನಿನಲ್ಲಿ ಮಾತಾಡಿದೆ. ನಿಮ್ಮ ಬಗ್ಗೆ ಒಳ್ಳೆಯದನ್ನೇ ಹೇಳಿದರು. ಯಾರು ಹೇಗೆ ಎಂದು ನಾನೂ ಕೇಳಲಿಲ್ಲ, ಅದನ್ನು ನಾನೇ ತಿಳಿದುಕೊಳ್ಳುತ್ತೇನೆ. ಅವರು ಶುರು ಮಾಡಿದ ಮೇವಿನ ಬೀಜ ವಿತರಣೆ, ಹಾಲು ಪರೀಕ್ಷಕರ ತರಬೇತಿ ಎರಡೂ ಈಗಿರುವಂತೆಯೇ ಮುಂದುವರಿಯುತ್ತವೆ. ರಜೆ, ಪಾಳಿ, ಪ್ರಯಾಣ ಭತ್ಯೆಯ ಬಿಲ್ಲು ಇವುಗಳ ಈಗಿನ ಕ್ರಮದಲ್ಲೂ ಬದಲಾವಣೆ ಇಲ್ಲ. ಬಾಕಿ ಇರುವ ಬಿಲ್ಲುಗಳನ್ನು ಕಚೇರಿಯವರು ಸೋಮವಾರವೇ ನನ್ನ ಮೇಜಿನ ಮೇಲಿಡಿ. ಯಾರದೋ ಸಹಿಗಾಗಿ ಪೆಟ್ರೋಲಿನ ದುಡ್ಡು ತಿಂಗಳುಗಟ್ಟಲೆ ನಿಲ್ಲುವುದು ನನಗೆ ಸರಿಬರುವುದಿಲ್ಲ.

ನನ್ನ ಮನೆಯ ವಿಷಯವೂ ತಿಳಿದಿರಲಿ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಗಿಯುವ ತನಕ ತಿಪಟೂರಿನಿಂದ ಹುಳಿಯಾರು ದಾರಿಯಲ್ಲಿ ಓಡಾಡುತ್ತೇನೆ. ಮಾರ್ಗಕ್ಕೆ ಹೊರಡುವ ದಿನವಿದ್ದರೆ ಹಿಂದಿನ ರಾತ್ರಿಯೇ ಶಿರಾಕ್ಕೆ ಬಂದು ಉಳಿಯುತ್ತೇನೆ. ಆಮೇಲೆ ಅಲ್ಲೇ ಮನೆ ಮಾಡುವ ಯೋಚನೆ. ಕಚೇರಿಗೆ ಹತ್ತಿರ, ನೀರಿನ ತೊಂದರೆ ಇಲ್ಲದ ಬಾಡಿಗೆ ಮನೆ ನಿಮ್ಮ ಕಣ್ಣಿಗೆ ಬಿದ್ದರೆ ಹೇಳಿ.

ಸೋಮವಾರ 10 ಗಂಟೆಗೆ ಕಚೇರಿಯಲ್ಲಿ ಎಲ್ಲರೂ ಸೇರೋಣ. ಬೆಳಗಿನ ಕೆಲಸ ಬಿಟ್ಟು ಬರುವುದು ಬೇಡ. ಮಾರ್ಗದಲ್ಲಿರುವವರು, ಕೂಲರ್ ಬಳಿ ಇರಲೇಬೇಕಾದವರು ಅಲ್ಲೇ ಇರಿ, ನಾನೇ ಆ ವಾರ ಅಲ್ಲಿಗೆ ಬರುತ್ತೇನೆ. ಹಾರ, ಶಾಲು, ಪೇಟ ಖಂಡಿತ ಬೇಡ. ಕಾಫಿ ನನ್ನ ಲೆಕ್ಕದಲ್ಲಿ. ಭಾಷಣ ಇರುವುದಿಲ್ಲ. ಒಬ್ಬೊಬ್ಬರೂ ನಿಮ್ಮ ಹೆಸರು, ನೋಡಿಕೊಳ್ಳುವ ಸಂಘಗಳು, ಈ ಬೇಸಿಗೆಯಲ್ಲಿ ನಿಮಗೆ ಹೆಚ್ಚು ಚಿಂತೆಯಾಗಿರುವ ಒಂದು ಸಂಘ ಯಾವುದು, ಏಕೆ, ಇಷ್ಟು ಹೇಳಿದರೆ ಸಾಕು. ಎಲ್ಲರ ಮುಂದೆ ಹೇಳಲು ಮುಜುಗರ ಅನ್ನಿಸುವುದಿದ್ದರೆ ಈ ಮೇಲ್‌ಗೇ ಉತ್ತರ ಬರೆಯಿರಿ, ಅದು ನನಗೆ ಮಾತ್ರ ಬರುತ್ತದೆ. ಎರಡೇ ಸಾಲಿದ್ದರೂ ಸರಿ, ಕೈಯಲ್ಲಿ ಬರೆದು ಫೋಟೋ ಕಳಿಸಿದರೂ ಸರಿ.

ಚಾಲಕರು ಮತ್ತು ಕೂಲರ್ ಕೇಂದ್ರಗಳ ಹಲವರು ಇಮೇಲ್ ನೋಡುವುದಿಲ್ಲ ಎಂದು ಗೊತ್ತು. ಕಚೇರಿಯವರು ಇದನ್ನು ಮುದ್ರಿಸಿ ಹಾಜರಿ ಪುಸ್ತಕದ ಪಕ್ಕ ಇಡಿ, ಗುಂಪಿಗೂ ಹಾಕಿ. ನನ್ನ ಮೊಬೈಲ್ ಸಂಖ್ಯೆಯನ್ನು ಅಲ್ಲೇ ಹಂಚಿಕೊಳ್ಳುತ್ತೇನೆ.

ಇತಿ,
ಡಾ. ಶೈಲಜಾ
ಉಪ ವ್ಯವಸ್ಥಾಪಕಿ (ನಿಯೋಜಿತ), ಶಿರಾ ಶಿಬಿರ ಕಚೇರಿ